ಬಣ್ಣದ ಚೀಟಿಗಳ ಹಿಂದೆ ಏನಿದೆ?

ಡಿಸೈನ್ ವಿದ್ಯಾರ್ಥಿಗಳ ಪೋರ್ಟ್‌ಫೋಲಿಯೊಗಳನ್ನು ನೋಡುತ್ತ ಬಂದವರಿಗೆ ಒಂದು ಫೋಟೊ ಬಹಳ ಪರಿಚಿತ. ಗೋಡೆ ತುಂಬ ಹಳದಿ, ಗುಲಾಬಿ ಚೀಟಿಗಳು. ಅವುಗಳ ಮುಂದೆ ಕ್ಯಾಮೆರಾಕ್ಕೆ ಬೆನ್ನು ಹಾಕಿ ನಿಂತ ಮೂವರು. ಚೀಟಿಗಳಲ್ಲಿ ಏನು ಬರೆದಿದೆಯೋ ಕಾಣುವುದಿಲ್ಲ. ಕೆಳಗೆ ‘ನಮ್ಮ ಸಂಶೋಧನೆ’ ಎಂಬ ತಲೆಬರಹ. ಪುಟ ತಿರುವಿದರೆ ಥಳಥಳಿಸುವ ಮೊಬೈಲ್ ಪರದೆಗಳು ಆಗಲೇ ಸಿದ್ಧ. ಚೀಟಿಗಳಿಂದ ಪರದೆಗೆ ಬಂದ ದಾರಿ ಯಾವುದು ಎಂದು ಹುಡುಕಿದರೆ, ಆ ದಾರಿಯೇ ಕಡತದಲ್ಲಿ ಇರುವುದಿಲ್ಲ.

ಪೋರ್ಟ್‌ಫೋಲಿಯೊ ಎಂದರೆ ವಿದ್ಯಾರ್ಥಿ ತನ್ನ ಕೆಲಸಗಳಲ್ಲಿ ಆಯ್ದವನ್ನು ಜೋಡಿಸಿಟ್ಟ ಕಡತ. ಅದರಲ್ಲಿ ಒಂದು ಕೆಲಸದ ಪೂರ್ತಿ ಕಥೆ ಹೇಳುವ ಭಾಗವೇ ಕೇಸ್ ಸ್ಟಡಿ. ಯಾವ ಸಮಸ್ಯೆಯನ್ನು ಹಿಡಿದೆ, ಅದನ್ನು ಬಿಡಿಸಲು ಏನೇನು ಮಾಡಿದೆ, ಕೊನೆಗೆ ಏನಾಯಿತು ಎಂಬ ಮೂರು ಪ್ರಶ್ನೆಗಳಿಗೆ ಅದು ಉತ್ತರ ಕೊಡಬೇಕು. ಮೂರಕ್ಕೂ ಬೇರೆ ಬೇರೆ ಅಂಕ ಕೊಟ್ಟು ಕೂಡಿಸುವುದು ಕಷ್ಟವಲ್ಲ. ಮೂರೂ ಒಂದಕ್ಕೊಂದು ಹೊಂದಿಕೊಂಡಿವೆಯೇ ಎಂದು ನೋಡುವುದೇ ಮೌಲ್ಯಮಾಪಕರ ನಿಜವಾದ ಕೆಲಸ.

ಹೊಂದಿಕೊಳ್ಳುವುದು ಹೇಗಿರುತ್ತದೆ ಎಂಬುದಕ್ಕೆ ವಿದ್ಯಾರ್ಥಿಗಳೇ ಮಾಡಿದ ಒಂದು ಹೆಸರಾಂತ ಕೆಲಸವಿದೆ. 2007ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಒಂದು ಕೋರ್ಸ್‌ನಲ್ಲಿ ಜೇನ್ ಚೆನ್, ಲೈನಸ್ ಲಿಯಾಂಗ್, ನಾಗಾನಂದ ಮೂರ್ತಿ, ರಾಹುಲ್ ಪಣಿಕ್ಕರ್ ಒಂದು ತಂಡವಾಗಿದ್ದರು. ಅವಧಿಗೆ ಮುನ್ನ ಹುಟ್ಟಿದ, ತೂಕ ಕಡಿಮೆ ಇರುವ ಕೂಸುಗಳನ್ನು ಬೆಚ್ಚಗಿಡುವ ಇನ್‌ಕ್ಯುಬೇಟರ್ ಬೆಲೆ ಆಗ ಸುಮಾರು 20,000 ಡಾಲರ್. ಅದರ ನೂರರಲ್ಲೊಂದು ಪಾಲು ಬೆಲೆಗೆ ಇನ್‌ಕ್ಯುಬೇಟರ್ ಮಾಡಬೇಕೆಂಬುದು ಅವರಿಗೆ ಬಂದ ಕೆಲಸ. ಹಾಗೆಯೇ ಒಪ್ಪಿಕೊಂಡಿದ್ದರೆ ಬಿಡಿಭಾಗ ಕಡಿಮೆ ಮಾಡುತ್ತ, ಅಗ್ಗದ ಪ್ಲಾಸ್ಟಿಕ್ ಹುಡುಕುತ್ತ ಸೆಮಿಸ್ಟರ್ ಮುಗಿಯುತ್ತಿತ್ತು.

ಲಿಯಾಂಗ್ ನೇಪಾಳಕ್ಕೆ ಹೋದರು. ಅಲ್ಲಿನ ನಗರದ ಆಸ್ಪತ್ರೆಯಲ್ಲಿ ದಾನವಾಗಿ ಬಂದ ಇನ್‌ಕ್ಯುಬೇಟರ್‌ಗಳು ಇದ್ದವು, ಆದರೆ ಹಲವು ಖಾಲಿ. ಅವು ಬೇಕಾಗಿದ್ದ ಕೂಸುಗಳು ಹುಟ್ಟುತ್ತಿದ್ದುದು ದೂರದ ಹಳ್ಳಿಗಳಲ್ಲಿ, ಆಸ್ಪತ್ರೆ ಮುಟ್ಟುವ ಮೊದಲೇ ಮೈ ತಣ್ಣಗಾಗಿಬಿಡುತ್ತಿತ್ತು. ಅಂದರೆ ಬೆಲೆ ಎಷ್ಟೇ ಇಳಿದರೂ ಆಸ್ಪತ್ರೆಯ ಮೂಲೆಯಲ್ಲಿ ಇನ್ನೊಂದು ಖಾಲಿ ಪೆಟ್ಟಿಗೆ ಬಂದು ಕೂರುತ್ತಿತ್ತು, ಅಷ್ಟೆ. ತಂಡ ಪ್ರಶ್ನೆಯನ್ನೇ ಬದಲಿಸಿತು: ಕರೆಂಟು ನೆಚ್ಚಿಕೊಳ್ಳಲಾಗದ ಹಳ್ಳಿಯಲ್ಲಿ, ತಾಯಿಯ ಕೈಯಲ್ಲೇ, ಕೂಸನ್ನು ಬೆಚ್ಚಗಿಡುವುದು ಹೇಗೆ? ಆ ಪ್ರಶ್ನೆಯಿಂದ ಹುಟ್ಟಿದ್ದು ಪುಟ್ಟ ಮಲಗುಚೀಲದಂಥ ಒಂದು ವಸ್ತು. ಅದರೊಳಗೆ ಮೇಣದಂಥ ಪದಾರ್ಥ ತುಂಬಿದ ಪಟ್ಟಿ. ಒಮ್ಮೆ ಕಾಯಿಸಿಟ್ಟರೆ ಅದು ನಿಧಾನವಾಗಿ ಗಟ್ಟಿಯಾಗುತ್ತ ಕೆಲವು ಗಂಟೆ ಕಾಲ 37 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಶಾಖ ಕೊಡುತ್ತಿತ್ತು. ‘ಎಂಬ್ರೇಸ್’ ಎಂಬ ಹೆಸರಿನ ಈ ಕೆಲಸವನ್ನು ಮುಂದುವರಿಸಲು ತಂಡ ಆಮೇಲೆ ಬೆಂಗಳೂರಿಗೇ ಬಂದು ನೆಲೆಯೂರಿತು.

ಭಾರತದಲ್ಲಿ ನಡೆದ ಇನ್ನೊಂದು ಸಂಗತಿಯನ್ನು ಮೌಲ್ಯಮಾಪಕರು ಗಮನಿಸಬೇಕು. ಮಹಾರಾಷ್ಟ್ರದ ಹಳ್ಳಿಯೊಂದರಲ್ಲಿ ತಾಯಿಯೊಬ್ಬರಿಗೆ ಮಾದರಿಯನ್ನು ಕೊಟ್ಟು, ಇಷ್ಟು ಡಿಗ್ರಿಗೆ ಕಾಯಿಸಿ ಎಂದರೆ ಏನು ಮಾಡುತ್ತೀರಿ ಎಂದು ಕೇಳಿದರು. ಆಕೆ ಅದಕ್ಕಿಂತ ಕಡಿಮೆಗೇ ನಿಲ್ಲಿಸುವೆನೆಂದರು. ಇಂಗ್ಲಿಷ್ ಔಷಧ ಬಲು ಖಾರ, ಡಾಕ್ಟರು ಒಂದು ಚಮಚ ಎಂದರೆ ಅರ್ಧ ಚಮಚ ಕೊಡುವುದೇ ಕ್ಷೇಮ ಎಂಬುದು ಅವರ ಊರಿನ ಲೆಕ್ಕ. ತಂಡ ಸೂಚಕದಿಂದ ಅಂಕಿಗಳನ್ನೇ ತೆಗೆದುಹಾಕಿ, ಶಾಖ ಸರಿಯಿದೆ ಅಥವಾ ಸರಿಯಿಲ್ಲ ಎಂದಷ್ಟೇ ತೋರುವಂತೆ ಮಾಡಿತು. ಪ್ರಕ್ರಿಯೆ ಎಂದರೆ ಇದು. ಒಂದು ಮಾತು ಕೇಳಿಬಂತು, ಅದರಿಂದಾಗಿ ವಸ್ತುವಿನಲ್ಲಿ ಒಂದು ಬದಲಾವಣೆ ಆಯಿತು, ಎರಡರ ನಡುವಿನ ಸಂಬಂಧ ಎದ್ದು ಕಾಣುತ್ತದೆ. ಇಲ್ಲಿ ಬಣ್ಣದ ಚೀಟಿಯ ಫೋಟೊ ಬೇಕಾಗಿಯೇ ಇಲ್ಲ.

ಈಗ ಸಾಮಾನ್ಯ ವಿದ್ಯಾರ್ಥಿಯ ಕಡತಕ್ಕೆ ಬರೋಣ. ವರ್ಷವರ್ಷವೂ ಕಣ್ಣಿಗೆ ಬೀಳುವ ಕೊರತೆಗಳನ್ನೆಲ್ಲ ಒಂದೇ ಕೇಸ್ ಸ್ಟಡಿಯಲ್ಲಿ ಹಾಕಿ, ಉದಾಹರಣೆಗಾಗಿ ಕಲ್ಪಿಸಿಕೊಂಡದ್ದು ಇದು. ವಿದ್ಯಾರ್ಥಿನಿ ತಾಲ್ಲೂಕು ಆಸ್ಪತ್ರೆಯೊಂದನ್ನು ವಿಷಯವಾಗಿ ಆರಿಸಿಕೊಂಡಿದ್ದಾಳೆ. ಮೊದಲ ಪುಟದ ಸಮಸ್ಯೆ: ‘ಸರ್ಕಾರಿ ಆಸ್ಪತ್ರೆಯಲ್ಲಿ ಗ್ರಾಮೀಣ ರೋಗಿಗಳಿಗೆ ಮಾರ್ಗದರ್ಶನ ನೀಡುವ ಆ್ಯಪ್ ಇಲ್ಲ.’ ಎರಡನೆಯ ಪುಟದಲ್ಲಿ ಲಕ್ಷ್ಮಮ್ಮ ಎಂಬ 54 ವರ್ಷದ ಕಾಲ್ಪನಿಕ ರೋಗಿಯ ಚಿತ್ರ, ಇಷ್ಟಾನಿಷ್ಟಗಳ ಪಟ್ಟಿ. ಮೂರು, ನಾಲ್ಕನೆಯ ಪುಟದಲ್ಲಿ ಚೀಟಿಗಳ ಗೋಡೆ. ಆಮೇಲಿನ ಎಂಟು ಪುಟ ಆ್ಯಪ್‌ನ ಪರದೆಗಳು. ಕೊನೆಗೊಂದು ಸಾಲು: ‘ಶೇ 90 ಬಳಕೆದಾರರು ಮೆಚ್ಚಿದರು.’

ಸಮಸ್ಯೆಯ ವಾಕ್ಯದಲ್ಲೇ ಎಡವಟ್ಟಿದೆ. ‘ಆ್ಯಪ್ ಇಲ್ಲ’ ಎಂಬುದು ಯಾವ ರೋಗಿಯ ತೊಂದರೆಯೂ ಅಲ್ಲ. ಉತ್ತರವನ್ನು ಮೊದಲೇ ತೀರ್ಮಾನಿಸಿ ಅದನ್ನೇ ಪ್ರಶ್ನೆಯ ವೇಷದಲ್ಲಿ ನಿಲ್ಲಿಸಲಾಗಿದೆ. ಇದನ್ನು ಕಂಡುಹಿಡಿಯಲು ಸುಲಭದ ಉಪಾಯವೊಂದುಂಟು. ವಾಕ್ಯದಿಂದ ವಸ್ತುವಿನ ಹೆಸರನ್ನು ತೆಗೆದುಹಾಕಿ, ಉಳಿದುದಕ್ಕೆ ಅರ್ಥವಿದೆಯೇ ನೋಡುವುದು. ಇಲ್ಲಿ ಆ್ಯಪ್ ತೆಗೆದರೆ ಏನೂ ಉಳಿಯುವುದಿಲ್ಲ. ಅದೇ ವಿದ್ಯಾರ್ಥಿನಿ ಎರಡು ಬೆಳಿಗ್ಗೆ ಆಸ್ಪತ್ರೆಯಲ್ಲಿ ಕೂತು ನೋಡಿ, ‘ಮೊದಲ ಸಲ ಬಂದವರು ಚೀಟಿ ಮಾಡಿಸಿದ ಮೇಲೆ ರಕ್ತಪರೀಕ್ಷೆಯ ಕೋಣೆ ಸಿಗದೆ ಎರಡು ಮೂರು ಜನರನ್ನು ಕೇಳುತ್ತಾರೆ, ಅಷ್ಟರಲ್ಲಿ ಸ್ಯಾಂಪಲ್ ಕೊಡುವ ಸಮಯ ಮುಗಿದಿರುತ್ತದೆ’ ಎಂದು ಬರೆದಿದ್ದರೆ? ಯಾರು, ಎಲ್ಲಿ, ಯಾವಾಗ, ಅದರಿಂದ ಏನು ನಷ್ಟ ಎಂಬ ನಾಲ್ಕೂ ಒಂದೇ ವಾಕ್ಯದಲ್ಲಿ ಸಿಕ್ಕವು. ಇದಕ್ಕೆ ಉತ್ತರ ಆ್ಯಪ್ ಆಗಬಹುದು. ನೆಲದ ಮೇಲೆ ಎಳೆದ ಕೆಂಪು ಗೆರೆಯೂ ಆಗಬಹುದು. ಲಕ್ಷ್ಮಮ್ಮನ ಕೈಯಲ್ಲಿ ಸ್ಮಾರ್ಟ್‌ಫೋನ್ ಇಲ್ಲದಿದ್ದರೆ ಗೆರೆಯೇ ವಾಸಿ.

ಲಕ್ಷ್ಮಮ್ಮನ ಬಗ್ಗೆಯೂ ಒಂದು ಮಾತು. ಇಂಥ ಕಾಲ್ಪನಿಕ ವ್ಯಕ್ತಿಗೆ ಡಿಸೈನಿನವರು ಪರ್ಸೋನಾ ಎನ್ನುತ್ತಾರೆ. ಹತ್ತಾರು ನಿಜವಾದ ಜನರನ್ನು ಮಾತನಾಡಿಸಿ, ಅವರಲ್ಲಿ ಸಮಾನವಾಗಿ ಕಂಡದ್ದನ್ನು ಒಬ್ಬರ ರೂಪದಲ್ಲಿ ಹೇಳಿದರೆ ಅದಕ್ಕೆ ಬೆಲೆ. ಹಾಸ್ಟೆಲಿನಲ್ಲಿ ಕೂತು ಬರೆದ ಲಕ್ಷ್ಮಮ್ಮ ಯಾವಾಗಲೂ ವಿದ್ಯಾರ್ಥಿನಿಗೆ ಬೇಕಾದ ಮಾತನ್ನೇ ಆಡುತ್ತಾಳೆ. ಆದ್ದರಿಂದ ಮೌಲ್ಯಮಾಪಕರು ಕೇಳುವ ಪ್ರಶ್ನೆ ನೇರವಾಗಿರುತ್ತದೆ: ನೀನು ಅಂದುಕೊಂಡದ್ದಕ್ಕೆ ವಿರುದ್ಧವಾಗಿ ಯಾರು, ಏನು ಹೇಳಿದರು? ಕೆಲಸ ಮಾಡಿದವರಿಗೆ ಉತ್ತರ ನಾಲಿಗೆಯ ತುದಿಯಲ್ಲಿರುತ್ತದೆ. ಮಾಡದವರು ಮತ್ತೆ ಚೀಟಿಗಳ ಗೋಡೆ ತೋರಿಸುತ್ತಾರೆ.

ಪ್ರಕ್ರಿಯೆಯ ಪುಟಗಳಿಗೆ ಬಂದರೆ, ಅಲ್ಲಿ ಎರಡು ವಜ್ರದಾಕಾರಗಳ ಒಂದು ನಕ್ಷೆ ಸಾಮಾನ್ಯ. ಬ್ರಿಟನ್ನಿನ ಡಿಸೈನ್ ಕೌನ್ಸಿಲ್ ಎರಡು ದಶಕಗಳ ಹಿಂದೆ ಪ್ರಚಾರಕ್ಕೆ ತಂದ ಈ ನಕ್ಷೆಯ ತಿರುಳು ಇಷ್ಟೆ: ಮೊದಲು ಹರಡಿ ನೋಡು, ಆಮೇಲೆ ಒಂದಕ್ಕೆ ಇಳಿ, ಇದನ್ನು ಸಮಸ್ಯೆಗೊಮ್ಮೆ, ಪರಿಹಾರಕ್ಕೊಮ್ಮೆ ಮಾಡು. ನಕ್ಷೆಯನ್ನು ಅಂಟಿಸಿದ ಮಾತ್ರಕ್ಕೆ ಅಂಕ ಬರಬಾರದು. ಹರಡಿದ್ದಕ್ಕೆ ಸಾಕ್ಷಿ ಎಂದರೆ ಕೈಬಿಟ್ಟ ಯೋಚನೆಗಳು. ಬಣ್ಣದ ಗೆರೆ, ದೊಡ್ಡಕ್ಷರದ ಫಲಕ, ಚೀಟಿಯ ಮೇಲೆ ಕೋಣೆ ಸಂಖ್ಯೆಯ ಮುದ್ರೆ, ಇವುಗಳಲ್ಲಿ ಯಾವುದನ್ನು ಮಾಡಿ ನೋಡಿದಳು, ಯಾವುದನ್ನು ಯಾಕೆ ಬಿಟ್ಟಳು? ‘ಫಲಕ ಹಾಕಿದೆವು, ಜನದಟ್ಟಣೆಯಲ್ಲಿ ತಲೆಗಳ ಹಿಂದೆ ಮರೆಯಾಯಿತು, ಬಿಟ್ಟೆವು’ ಎಂಬ ಒಂದು ಸಾಲು, ಮೊಬೈಲಿನಲ್ಲಿ ತೆಗೆದ ಒಂದು ಮಸುಕು ಫೋಟೊ ಸಾಕು. ಅಂಥ ಪುಟ ಚಂದ ಕಾಣುವುದಿಲ್ಲವೆಂದು ವಿದ್ಯಾರ್ಥಿಗಳು ಅದನ್ನೇ ಕಿತ್ತುಹಾಕುತ್ತಾರೆ ಎನ್ನುವುದು ಈ ವ್ಯವಹಾರದ ದೊಡ್ಡ ತಮಾಷೆ. ಗುಂಪಿನ ಕೆಲಸವಾದರೆ ಇನ್ನೊಂದು ತೊಡಕು: ಪುಟ ತುಂಬ ‘ನಾವು’ ಇರುತ್ತದೆ, ‘ನಾನು’ ಎಲ್ಲೂ ಇರುವುದಿಲ್ಲ. ಸಂದರ್ಶನ ಮಾಡಿದವರು ಯಾರು, ಮಾದರಿ ಕಟ್ಟಿದವರು ಯಾರು ಎಂಬುದು ಬರವಣಿಗೆಯಲ್ಲೇ ಬರಬೇಕು.

ಇನ್ನು ಆ ಶೇ 90. ಎಷ್ಟು ಜನರಲ್ಲಿ ಎಂದು ಕೇಳಿದಾಗ ಹತ್ತು ಜನ, ಅದರಲ್ಲಿ ಎಂಟು ಜನ ಸಹಪಾಠಿಗಳು ಎಂದು ಗೊತ್ತಾದರೆ ಅಂಕಿಯ ಗತ್ತು ಅಲ್ಲಿಗೇ ಇಳಿಯಿತು. ಐದೇ ಜನರನ್ನು ಪರೀಕ್ಷಿಸಿದರೆ ಸಾಕು ಎಂಬ ಮಾತನ್ನೂ ವಿದ್ಯಾರ್ಥಿಗಳು ಆಗಾಗ ಅಡ್ಡ ಹಿಡಿಯುತ್ತಾರೆ. ಅದು ಜೇಕಬ್ ನೀಲ್ಸನ್ 2000ದಲ್ಲಿ ಬರೆದ ಮಾತು. ಒಬ್ಬ ಬಳಕೆದಾರ ಸರಾಸರಿ ಶೇ 31ರಷ್ಟು ದೋಷಗಳಿಗೆ ಎಡವುತ್ತಾನೆ ಎಂದಿಟ್ಟುಕೊಂಡರೆ, ಐವರನ್ನು ನೋಡುವಷ್ಟರಲ್ಲಿ ಶೇ 85ರ ಹತ್ತಿರ ದೋಷಗಳು ಹೊರಬೀಳುತ್ತವೆ ಎಂಬುದು ಅದರ ಲೆಕ್ಕ. ಅದು ದೋಷ ಹುಡುಕುವ ಲೆಕ್ಕ. ಎಷ್ಟು ಜನರಿಗೆ ಇಷ್ಟವಾಯಿತು ಎಂದು ಶೇಕಡಾವಾರು ಹೇಳಲು ಐವರು ಸಾಲುವುದಿಲ್ಲ.

ಇಷ್ಟವಾಯಿತೇ ಎಂಬ ಪ್ರಶ್ನೆಗೂ ಮೊದಲ ಪುಟದ ಸಮಸ್ಯೆಗೂ ನಂಟಿಲ್ಲ ಎನ್ನುವುದು ಇನ್ನೂ ದೊಡ್ಡ ಲೋಪ. ಸಮಸ್ಯೆ ದಾರಿ ಸಿಗದಿರುವುದಾದರೆ ಅಳೆಯಬೇಕಾದದ್ದೂ ಅದನ್ನೇ. ಗೆರೆ ಎಳೆಯುವ ಮೊದಲು ಗಮನಿಸಿದ 12 ಜನರಲ್ಲಿ 9 ಜನ ದಾರಿ ಕೇಳಿದರು, ಎಳೆದ ಮೇಲೆ ಬೇರೆ 12 ಜನರಲ್ಲಿ 3 ಜನ ಕೇಳಿದರು ಎಂದು ಬರೆದಿದ್ದರೆ ಸಂಖ್ಯೆ ಸಣ್ಣದಾದರೂ ಮಾತು ಗಟ್ಟಿ. ಮೊದಲ ಎಣಿಕೆ ಜನ ತುಂಬಿದ ಸೋಮವಾರ, ಎರಡನೆಯದು ಖಾಲಿ ಗುರುವಾರ ಎಂದು ತಾನೇ ಒಪ್ಪಿಕೊಂಡರೆ ಅಂಕ ಕಡಿಮೆಯಾಗಬಾರದು, ಹೆಚ್ಚಬೇಕು. ಎಂಬ್ರೇಸ್‌ಗೂ ಇಂಥದೇ ಪ್ರಶ್ನೆ ಹಾಕಬಹುದು. ಎಷ್ಟು ಕೂಸುಗಳಿಗೆ ಚೀಲ ತಲುಪಿತು ಎಂಬುದು ಒಂದು ಲೆಕ್ಕ. ಕೂಸನ್ನು ತಾಯಿಯ ಎದೆಗೆ ಒತ್ತಿ ಬೆಚ್ಚಗಿಡುವ, 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಆರಂಭವಾದ ಖರ್ಚಿಲ್ಲದ ಕಾಂಗರೂ ಆರೈಕೆಗಿಂತ ಚೀಲ ಎಲ್ಲಿ, ಎಷ್ಟು ಮೇಲು ಎಂಬುದು ಬೇರೆಯೇ ಲೆಕ್ಕ.

ಮೌಲ್ಯಮಾಪಕರ ಕಣ್ಣೂ ಮೋಸಹೋಗುತ್ತದೆ. ಅಧಿಕಾರಿಗಳು ತಮ್ಮ ಕೈಕೆಳಗಿನವರಿಗೆ ಒಂದು ಗುಣದಲ್ಲಿ ಹೆಚ್ಚು ಅಂಕ ಕೊಟ್ಟರೆ, ಸಂಬಂಧವಿಲ್ಲದ ಗುಣಗಳಲ್ಲೂ ಹೆಚ್ಚೇ ಕೊಡುತ್ತಾರೆಂದು ಮನಶ್ಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್ 1920ರಲ್ಲೇ ತೋರಿಸಿದ್ದರು. ಅಚ್ಚುಕಟ್ಟಾದ ಅಕ್ಷರ, ಹಿತವಾದ ಬಣ್ಣ ಕಂಡೊಡನೆ ಸಮಸ್ಯೆಯೂ ಸ್ಪಷ್ಟವಾಗಿದೆ ಎನಿಸುವುದು ಇದೇ ಜಾತಿಯ ತಪ್ಪು. ಇದಕ್ಕೆ ಎರಡು ಮದ್ದು. ಮೊದಲ ಓದಿನಲ್ಲಿ ಚಿತ್ರಗಳನ್ನು ಮುಚ್ಚಿ, ಬರಹವನ್ನಷ್ಟೇ ಓದುವುದು. ಮತ್ತು ಒಬ್ಬರ ಕಡತವನ್ನು ಪೂರ್ತಿ ಮುಗಿಸಿ ಇನ್ನೊಬ್ಬರದಕ್ಕೆ ಹೋಗುವ ಬದಲು, ಎಲ್ಲರ ಸಮಸ್ಯೆಯ ಪುಟಗಳಿಗೂ ಒಟ್ಟಿಗೆ ಅಂಕ ಹಾಕಿ, ಆಮೇಲೆ ಎಲ್ಲರ ಪ್ರಕ್ರಿಯೆಗೆ, ಆಮೇಲೆ ಫಲಿತಾಂಶಕ್ಕೆ ಬರುವುದು. ಬೇಸರದ ಕೆಲಸ ನಿಜ, ಆದರೆ ಸುಂದರ ಕವರ್ ಪುಟದ ಮಬ್ಬು ಇಳಿಯುತ್ತದೆ.

ತಾಲ್ಲೂಕು ಆಸ್ಪತ್ರೆಯ ಕಡತಕ್ಕೆ ಹೀಗೆ ಓದಿದ ಮೌಲ್ಯಮಾಪಕರು ಅಂಚಿನಲ್ಲಿ ಏನು ಬರೆದಾರು? ‘ತುಂಬ ಚೆನ್ನಾಗಿದೆ, ಇನ್ನಷ್ಟು ಸಂಶೋಧನೆ ಬೇಕು’ ಎಂದರೆ ವಿದ್ಯಾರ್ಥಿನಿ ಇನ್ನೂ ಹತ್ತು ಚೀಟಿ ಅಂಟಿಸುತ್ತಾಳೆ. ‘ಮೊದಲ ಪುಟದಿಂದ ಆ್ಯಪ್ ಎಂಬ ಪದ ತೆಗೆದು ಸಮಸ್ಯೆಯನ್ನು ಮತ್ತೆ ಬರೆ. ಚೀಟಿಗಳಲ್ಲಿ ನಿನ್ನ ಮನಸ್ಸು ಬದಲಿಸಿದ ಒಂದನ್ನು ಓದುವಷ್ಟು ದೊಡ್ಡದಾಗಿ ಹಾಕು. ಬರುವ ಸೋಮವಾರ ಒಂಬತ್ತು ಗಂಟೆಗೆ ನೋಂದಣಿ ಕೌಂಟರಿನ ಬಳಿ ಕೂತು, ಎಷ್ಟು ಜನ ದಾರಿ ಕೇಳುತ್ತಾರೆಂದು ಎಣಿಸು’ ಎಂದರೆ ಅವಳು ಬಸ್ಸು ಹತ್ತುತ್ತಾಳೆ.