ಉಬ್ಬಿದ್ದೆಲ್ಲ ಮೊಳಕೆಯಲ್ಲ

ಸತ್ತ ಬೀಜವೂ ನೀರಿನಲ್ಲಿ ಉಬ್ಬುತ್ತದೆ. ಭತ್ತವನ್ನು ರಾತ್ರಿ ನೆನೆಹಾಕಿ ಬೆಳಿಗ್ಗೆ ನೋಡಿದರೆ ಜೀವ ಇರುವ ಕಾಳೂ ಜೀವ ಇಲ್ಲದ ಕಾಳೂ ಒಂದೇ ರೀತಿ ದಪ್ಪಗಾಗಿರುತ್ತವೆ. ಒಣಗಿದ ಕಾಳು ನೀರು ಹೀರಿಕೊಳ್ಳುವುದಕ್ಕೆ ಅದರೊಳಗೆ ಜೀವ ಇರಬೇಕಾಗಿಲ್ಲ. ಅದಕ್ಕೇ ಬೀಜದ ಗುಣ ತಿಳಿಯಬೇಕಾದವರು ಉಬ್ಬಿದ್ದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ನೂರು ಕಾಳು ಎಣಿಸಿ, ಒದ್ದೆ ಗೋಣಿಚೀಲದ ಮೇಲೆ ಸಾಲಾಗಿಟ್ಟು, ಸುತ್ತಿ ನೆರಳಲ್ಲಿಟ್ಟು, ದಿನವೂ ನೀರು ಚಿಮುಕಿಸಿ, ಬೇರು ಮತ್ತು ಮೊಳಕೆ ಎರಡೂ ಸರಿಯಾಗಿ ಬಂದವನ್ನು ಮಾತ್ರ ಎಣಿಸುತ್ತಾರೆ. ಬೀಜ ಪರೀಕ್ಷೆಯ ಪ್ರಯೋಗಾಲಯದಲ್ಲಿ ಭತ್ತದ ಕೊನೆಯ ಎಣಿಕೆ 14ನೇ ದಿನ. ನೂರಕ್ಕೆ 80 ಮೊಳೆತರೆ ಮಾತ್ರ ಅದು ಪ್ರಮಾಣಿತ ಬೀಜವಾಗುತ್ತದೆ. ರಾಗಿಗೆ ಈ ಮಿತಿ 75.

ಉಬ್ಬು, ಮೊಳೆ, ಚಿಗುರು, ಹಬ್ಬು, ಹುಲುಸಾಗು. ಕನ್ನಡದ ಹೊಲದಲ್ಲಿ ಇವು ಒಂದಕ್ಕೊಂದು ಬದಲಿ ಪದಗಳಲ್ಲ. ಒಂದೊಂದಕ್ಕೂ ಪೈರಿನ ಬದುಕಿನಲ್ಲಿ ಒಂದು ಹೊತ್ತು ಇದೆ, ಅದು ನಿಜವಾಗಿ ಆಗಿದೆಯೇ ಎಂದು ನೋಡುವ ಬಗೆಯೂ ಇದೆ. ಪತ್ರಿಕೆಯ ವಾಣಿಜ್ಯ ಪುಟ ಈ ಪದಗಳನ್ನೆಲ್ಲ ಹೊಲದಿಂದಲೇ ತಂದುಕೊಂಡಿದೆ. ಹಣದ ಲೋಕಕ್ಕೆ ಇಂಥ ಮಾತು ಹೊಸದೂ ಅಲ್ಲ. ನಾವು ದಿನಬೆಳಗಾದರೆ ಆಡುವ ‘ಬಡ್ಡಿ’ ಎಂಬ ಪದವೇ ‘ವೃದ್ಧಿ’ಯ ತದ್ಭವ. ಆದರೆ ಪದ ತರುವಾಗ ಅದರ ಪರೀಕ್ಷೆಯನ್ನು ಹೊಲದಲ್ಲೇ ಬಿಟ್ಟು ಬಂದಿದ್ದೇವೆ. ಹಾಗಾಗಿ ಎಲ್ಲ ಬಗೆಯ ಹೆಚ್ಚಳವೂ ‘ಬೆಳವಣಿಗೆ’ ಅನ್ನಿಸಿಕೊಳ್ಳುತ್ತಿದೆ, ಓದುಗನಿಗೆ ಯಾವುದು ಏನೆಂದು ತಿಳಿಯುತ್ತಿಲ್ಲ.

ಮೊದಲು ಉಬ್ಬುವುದನ್ನೇ ನೋಡೋಣ. ಒಬ್ಬ ಕಿರಾಣಿ ವ್ಯಾಪಾರಿ ಒಂದು ವರ್ಷ ಲೀಟರಿಗೆ 120 ರೂಪಾಯಿಯಂತೆ ಸಾವಿರ ಲೀಟರ್ ಅಡುಗೆ ಎಣ್ಣೆ ಮಾರಿದ ಎಂದುಕೊಳ್ಳಿ. ವಹಿವಾಟು 1,20,000 ರೂಪಾಯಿ. ಮರುವರ್ಷ ಎಣ್ಣೆ 150 ರೂಪಾಯಿಯಾಯಿತು, ಗಿರಾಕಿಗಳು ಕೈ ಹಿಡಿದರು, 900 ಲೀಟರ್ ಮಾತ್ರ ಹೋಯಿತು. ವಹಿವಾಟು 1,35,000. ಪುಸ್ತಕದಲ್ಲಿ ನೂರಕ್ಕೆ ಹನ್ನೆರಡೂವರೆಯಷ್ಟು ಹೆಚ್ಚಳ ಕಾಣುತ್ತದೆ. ಅಂಗಡಿಯಿಂದ ಹೊರಗೆ ಹೋದ ಎಣ್ಣೆ ಮಾತ್ರ ನೂರಕ್ಕೆ ಹತ್ತು ಕಡಿಮೆ. ವ್ಯಾಪಾರ ಉಬ್ಬಿದೆ, ಬೆಳೆದಿಲ್ಲ. ಕಂಪನಿಯೊಂದರ ‘ಆದಾಯದಲ್ಲಿ ಭಾರಿ ಬೆಳವಣಿಗೆ’ ಎಂಬ ಸುದ್ದಿ ಓದಿದಾಗ ಮೊದಲು ಹುಡುಕಬೇಕಾದದ್ದು ಇದನ್ನೇ: ಮಾರಿದ ಸರಕಿನ ಪ್ರಮಾಣ ಹೆಚ್ಚಿತೋ, ಬರೀ ಬೆಲೆ ಹೆಚ್ಚಿತೋ? ಒಳ್ಳೆಯ ವರದಿಯಲ್ಲಿ ಎರಡೂ ಇರುತ್ತವೆ. ಒಂದೇ ಇದ್ದರೆ ವರದಿ ಅರ್ಧ.

ದೇಶದ ಲೆಕ್ಕದಲ್ಲೂ ಇದೇ ಕಾರಣಕ್ಕೆ ಜಿಡಿಪಿಯನ್ನು ಎರಡು ಸಲ ಅಳೆಯುತ್ತಾರೆ. ಆಯಾ ವರ್ಷದ ಬೆಲೆಯಲ್ಲಿ ಒಮ್ಮೆ, ಹಿಂದಿನ ಯಾವುದೋ ಒಂದು ವರ್ಷದ ಬೆಲೆಯನ್ನೇ ಕಟ್ಟಿಹಿಡಿದು ಇನ್ನೊಮ್ಮೆ. ಮೊದಲನೆಯದರಲ್ಲಿ ಉಬ್ಬೂ ಸೇರಿರುತ್ತದೆ, ಎರಡನೆಯದರಲ್ಲಿ ಅದನ್ನು ಹಿಂಡಿ ತೆಗೆದಿರುತ್ತಾರೆ. ಈ ಉಬ್ಬಿಗೆ ಕನ್ನಡ ‘ಹಣದುಬ್ಬರ’ ಎಂಬ ಒಳ್ಳೆಯ ಹೆಸರನ್ನೇ ಕೊಟ್ಟಿದೆ. ತೊಂದರೆ ಬರುವುದು ಅದರ ಜೊತೆಗೆ ‘ಇಳಿಕೆ’ ಸೇರಿಸಿದಾಗ. ‘ಹಣದುಬ್ಬರ ಇಳಿಕೆ’ ಎಂದು ಓದಿದವರು ಸಾಮಾನು ಅಗ್ಗವಾಯಿತು ಎಂದುಕೊಂಡು ಅಂಗಡಿಗೆ ಹೋಗಿ ಬೇಸರಪಡುತ್ತಾರೆ. ದರ 6ರಿಂದ 4ಕ್ಕೆ ಬಂತೆಂದರೆ ಬೆಲೆ ಇನ್ನೂ ಏರುತ್ತಲೇ ಇದೆ, ಏರುವ ವೇಗ ಕಡಿಮೆಯಾಗಿದೆ, ಅಷ್ಟೇ. ‘ಬೆಲೆ ಏರಿಕೆ ನಿಧಾನ’ ಎಂದು ಬರೆದರೆ ಯಾರಿಗೂ ಗೊಂದಲವಿಲ್ಲ.

ಇನ್ನು ಹಬ್ಬುವುದು, ವಿಸ್ತರಿಸುವುದು. ಇದಕ್ಕೆ ಹೊಲದಲ್ಲಿ ಅತ್ಯಂತ ಖಚಿತವಾದ ಪದ ತೆಂಡೆ. ಭತ್ತ, ರಾಗಿಯ ಒಂದೇ ಸಸಿಯ ಬುಡದಿಂದ ಪಕ್ಕಕ್ಕೆ ಹೊಸ ಕವಲುಗಳು ಎದ್ದು ಬುಡ ತುಂಬಿಕೊಳ್ಳುವುದನ್ನು ರೈತರು ತೆಂಡೆ ಒಡೆಯುವುದು ಅನ್ನುತ್ತಾರೆ. ಹಾವೇರಿ ಕಡೆಯ ಗುಳಿ ರಾಗಿ ಪದ್ಧತಿ ಈ ತೆಂಡೆಯನ್ನೇ ನೆಚ್ಚಿಕೊಂಡದ್ದು. ಅಗಲ ಅಂತರ ಬಿಟ್ಟು, ಗುಳಿಯಲ್ಲಿ ಗೊಬ್ಬರ ಹಾಕಿ ಸಸಿ ನಾಟಿ ಮಾಡುತ್ತಾರೆ. ಸಸಿ ಹಿಡಿದುಕೊಂಡ ಮೇಲೆ ಎತ್ತಿಗೆ ಕಟ್ಟಿದ ಕೊರಡನ್ನು ಅದರ ಮೇಲೆಯೇ ಎಳೆಯುತ್ತಾರೆ. ಸಸಿ ಬಾಗಿ ನೆಲಕ್ಕೆ ತಾಗುತ್ತದೆ, ಕೆಲವು ದಿನಕ್ಕೆ ಮತ್ತೆ ಎದ್ದು ನಿಲ್ಲುತ್ತದೆ, ಬುಡದಿಂದ ಒತ್ತಾಗಿ ತೆಂಡೆ ಹೊರಡುತ್ತದೆ. ಮೊದಲ ಸಲ ನೋಡುವವರಿಗೆ ಪೈರನ್ನು ಹಾಳು ಮಾಡುತ್ತಿದ್ದಾರೆ ಅನ್ನಿಸುತ್ತದೆ. ಸಾಲು ಬಿತ್ತನೆಯ ರಾಗಿಗಿಂತ ಹಲವು ಪಟ್ಟು ತೆಂಡೆಯಾಗುವುದು ಹೀಗೆ.

ಹಾಗಿದ್ದೂ ಎಷ್ಟು ತೆಂಡೆ ಎಂಬ ಎಣಿಕೆಗೆ ರೈತ ನಿಲ್ಲುವುದಿಲ್ಲ. ತೆನೆ ಹೊರುವ ತೆಂಡೆ ಎಷ್ಟು ಎಂದು ನೋಡುತ್ತಾನೆ. ತಡವಾಗಿ ಹೊರಟ ತೆಂಡೆಗಳಲ್ಲಿ ಎಷ್ಟೋ ತೆನೆ ಬಿಡದೆ ಉಳಿಯುತ್ತವೆ. ಬಿಟ್ಟರೂ ಉಳಿದವು ಮಾಗುವಾಗ ಅವು ಹಸಿರಾಗಿರುತ್ತವೆ. ಅಷ್ಟೂ ದಿನ ಅವು ನೀರು, ಗೊಬ್ಬರ, ಬಿಸಿಲು ತಿಂದಿರುತ್ತವೆ.

‘ಸಂಸ್ಥೆಯ ಭರದ ವಿಸ್ತರಣೆ, ಐದು ಹೊಸ ಮಳಿಗೆ’ ಎಂಬ ಸುದ್ದಿಗೆ ಈ ಎಣಿಕೆಯನ್ನು ತಗಲಿಸಿ ನೋಡಿ. ಹತ್ತು ಮಳಿಗೆಗಳಿಂದ ವರ್ಷಕ್ಕೆ 10 ಕೋಟಿ ವ್ಯಾಪಾರವಿತ್ತು. ಐದು ಸೇರಿದ ಮೇಲೆ ಒಟ್ಟು 12 ಕೋಟಿಯಾಯಿತು. ನೂರಕ್ಕೆ ಇಪ್ಪತ್ತು ಹೆಚ್ಚಳ, ಚೆನ್ನಾಗಿಯೇ ಕಾಣುತ್ತದೆ. ಹೊಸ ಐದರ ಪಾಲು 3 ಕೋಟಿ ಎಂದು ತಿಳಿದರೆ ಹಳೆಯ ಹತ್ತರಿಂದ ಬಂದದ್ದು 9 ಕೋಟಿ ಮಾತ್ರ. ಅಂದರೆ ಹಳೆಯ ಮಳಿಗೆಗಳ ವ್ಯಾಪಾರ ನೂರಕ್ಕೆ ಹತ್ತು ಬಿದ್ದಿದೆ. ಹತ್ತಿರದಲ್ಲೇ ತೆರೆದ ಹೊಸ ಮಳಿಗೆ ಹಳೆಯದರ ಗಿರಾಕಿಯನ್ನೇ ಎಳೆದುಕೊಂಡಿರಬಹುದು. ಚಿಲ್ಲರೆ ವ್ಯಾಪಾರದ ದೊಡ್ಡ ಕಂಪನಿಗಳು ತಮ್ಮ ವರದಿಯಲ್ಲಿ ಹಳೆಯ ಮಳಿಗೆಗಳ ಮಾರಾಟವನ್ನು ಬೇರೆಯಾಗಿ ಕೊಡುವುದು ಇದಕ್ಕೇ. ಕನ್ನಡದ ವರದಿಗಳಲ್ಲಿ ಆ ಅಂಕಿ ಅಪರೂಪ. ಅದು ಬರಬೇಕು. ಮಳಿಗೆ ಹೆಚ್ಚಿದ್ದನ್ನು ‘ವಿಸ್ತರಣೆ’ ಎಂದು ಕರೆಯಲು ಅಡ್ಡಿಯಿಲ್ಲ, ಹಳೆಯದೂ ಹೊಸದೂ ಲಾಭ ಕೊಡುವ ತನಕ ‘ಏಳಿಗೆ’ ಎನ್ನಬಾರದು.

ಹುಲುಸು ಎಂಬುದು ಏಳಿಗೆಯ ಪದ. ಹುಲುಸಾದ ಬೆಳೆ ಎಂದರೆ ಕಣ್ಣಿಗೂ ಕಣಜಕ್ಕೂ ತುಂಬಿದ ಬೆಳೆ. ಅದೇ ಹಸಿರು ಮಿತಿ ಮೀರಿದರೆ ರೈತ ‘ಪೈರು ಸೊಕ್ಕಿದೆ’ ಎನ್ನುತ್ತಾನೆ, ಆಗ ಅವನ ದನಿಯಲ್ಲಿ ಸಂತೋಷವಿರುವುದಿಲ್ಲ. ಯೂರಿಯಾ ಹೆಚ್ಚಾದ ಭತ್ತದ ಎಲೆ ಕಡುಹಸಿರಾಗಿ ಬಾಗುತ್ತದೆ, ದಂಟು ಮೆತ್ತಗಾಗುತ್ತದೆ, ಬೆಂಕಿರೋಗ ಬೇಗ ತಗಲುತ್ತದೆ, ತೆನೆ ಭಾರಕ್ಕೆ ಒಂದು ಗಾಳಿಮಳೆ ಬಂದರೆ ಗದ್ದೆಯೇ ಮಲಗುತ್ತದೆ. ಸಾಲದ ಮೇಲೆ ಸಾಲ ಎತ್ತಿ ಬೆಳೆದ ಉದ್ಯಮಕ್ಕೆ ಕನ್ನಡದ ವರದಿಗಾರರು ಬಳಸದೆ ಬಿಟ್ಟಿರುವ ಪದ ಇದು. ಕಂಡುಹಿಡಿಯುವುದು ಕಷ್ಟವೂ ಅಲ್ಲ. ವ್ಯಾಪಾರದಿಂದ ಬಂದ ಲಾಭ ಸಾಲದ ಬಡ್ಡಿಯನ್ನು ಕಟ್ಟಲು ಸಾಕಾಗುತ್ತಿದೆಯೇ ಎಂದು ನೋಡಿದರೆ ಹುಲುಸೋ ಸೊಕ್ಕೋ ತಿಳಿಯುತ್ತದೆ.

ಬೆಳೆಯುವ ಪದಗಳನ್ನು ತಿರುಗಿಸಿ ಬಳಸುವ ಅಭ್ಯಾಸವೊಂದು ನಮ್ಮ ಮನೆಗಳಲ್ಲೇ ಇದೆ. ಅಕ್ಕಿ ಮುಗಿದರೆ ಹಿರಿಯರು ‘ಅಕ್ಕಿ ಹೆಚ್ಚಿದೆ’ ಎನ್ನುತ್ತಿದ್ದರು, ದೀಪ ಆರಿಸು ಎನ್ನದೆ ‘ದೀಪ ದೊಡ್ಡದು ಮಾಡು’ ಎನ್ನುತ್ತಿದ್ದರು. ಇಲ್ಲ ಎಂಬ ಮಾತು ಬಾಯಲ್ಲಿ ಬರಬಾರದೆಂಬ ಕಾಳಜಿ ಅದು. ಕೇಳಿದವರಿಗೆ ಒಳ ಅರ್ಥ ತಿಳಿದೇ ಇರುತ್ತಿತ್ತು, ಯಾರೂ ಮೋಸ ಹೋಗುತ್ತಿರಲಿಲ್ಲ. ವಾಣಿಜ್ಯ ಬರವಣಿಗೆಯ ‘ನಕಾರಾತ್ಮಕ ಬೆಳವಣಿಗೆ’ ಹಾಗಲ್ಲ. ಉತ್ಪಾದನೆ ಕುಗ್ಗಿದ್ದನ್ನೂ ಬೆಳವಣಿಗೆಯ ಲೆಕ್ಕಕ್ಕೆ ಸೇರಿಸುವ ಆ ಮಾತು ಓದುಗನಿಗೆ ಏನನ್ನೂ ಹೇಳುವುದಿಲ್ಲ. ಅದರ ಜಾಗದಲ್ಲಿ ಬರೆಯಬೇಕಾದ ಪದ ‘ಕುಗ್ಗಿತು’. ಇನ್ನೊಂದು ಗೊಂದಲ ‘ಬೆಳವಣಿಗೆ ದರ ಕುಸಿತ’ದ್ದು. ದರ 8ರಿಂದ 6ಕ್ಕೆ ಬಂದಾಗ ಆರ್ಥಿಕತೆ ಇನ್ನೂ ಬೆಳೆಯುತ್ತಿದೆ. ಶೀರ್ಷಿಕೆ ಓದಿದವನಿಗೆ ಅದು ಬಿದ್ದೇಹೋಯಿತು ಅನ್ನಿಸುತ್ತದೆ.

ಕೊನೆಗೆ ಚಿಗುರು. ರಾಮನಗರ, ಕೋಲಾರದ ಹಿಪ್ಪುನೇರಳೆ ತೋಟದಲ್ಲಿ ಗಿಡವನ್ನು ಬುಡದ ಹತ್ತಿರಕ್ಕೆ ಸವರುತ್ತಾರೆ. ಬೇರಿನಲ್ಲಿ ಉಳಿದ ಕಸುವಿನಿಂದ ಅದು ಮತ್ತೆ ಚಿಗುರುತ್ತದೆ. ಆಗ ದಿನದಿನಕ್ಕೆ ಅದು ಏರುವ ವೇಗ ಸವರದ ಗಿಡಕ್ಕಿರುವುದಿಲ್ಲ. ಆ ವೇಗವನ್ನು ನೋಡಿ ಯಾವ ರೈತನೂ ಗಿಡ ಮೊದಲಿಗಿಂತ ಎತ್ತರವಾಯಿತು ಎನ್ನುವುದಿಲ್ಲ, ಸವರುವ ಮೊದಲು ಎಷ್ಟಿತ್ತು ಎಂಬುದು ಅವನಿಗೆ ನೆನಪಿರುತ್ತದೆ.

ಈ ನೆನಪು ಬಿಟ್ಟುಹೋದ ದೊಡ್ಡ ಉದಾಹರಣೆ 2021ರ ಆಗಸ್ಟ್ ಕೊನೆಯಲ್ಲಿ ಬಂತು. ಆ ವರ್ಷದ ಏಪ್ರಿಲ್‌ನಿಂದ ಜೂನ್‌ವರೆಗಿನ ಮೂರು ತಿಂಗಳಲ್ಲಿ ದೇಶದ ಜಿಡಿಪಿ ನೂರಕ್ಕೆ 20.1ರಷ್ಟು ಬೆಳೆಯಿತೆಂದು ಕೇಂದ್ರ ಸರ್ಕಾರದ ಅಂಕಿಅಂಶ ಕಚೇರಿ ಪ್ರಕಟಿಸಿತು. ‘ಜಿಗಿತ’, ‘ದಾಖಲೆ’ ಎಂಬ ಪದಗಳು ಎಲ್ಲೆಡೆ ಕಾಣಿಸಿದವು. ಅಂಕಿ ಸುಳ್ಳಲ್ಲ. ಅದನ್ನು ಅಳೆದದ್ದು ಲಾಕ್‌ಡೌನ್ ಬಿದ್ದಿದ್ದ 2020ರ ಅದೇ ಮೂರು ತಿಂಗಳಿಗೆ ಹೋಲಿಸಿ, ಅಂದರೆ ಸವರಿದ ಗಿಡಕ್ಕೆ ಹೋಲಿಸಿ. 2011-12ರ ಬೆಲೆಯಲ್ಲಿ ಲೆಕ್ಕ ಹಾಕಿದರೆ 2019ರ ಆ ಅವಧಿಯಲ್ಲಿ ಜಿಡಿಪಿ 35.66 ಲಕ್ಷ ಕೋಟಿ ರೂಪಾಯಿ ಇತ್ತು. 2020ರಲ್ಲಿ ಅದು 26.95 ಲಕ್ಷ ಕೋಟಿಗೆ ಬಿತ್ತು. 2021ರಲ್ಲಿ 32.38 ಲಕ್ಷ ಕೋಟಿಗೆ ಏರಿತು. ಎರಡು ವರ್ಷ ಹಿಂದೆ ಇದ್ದುದಕ್ಕಿಂತ ಅದು ಇನ್ನೂ ನೂರಕ್ಕೆ ಒಂಬತ್ತು ಕಡಿಮೆ.

ಬಿದ್ದದ್ದು ನೂರಕ್ಕೆ ಸುಮಾರು 24, ಎದ್ದದ್ದು 20. ಹಾಗಾದರೆ ನಾಲ್ಕೇ ಬಾಕಿ ಉಳಿಯಬೇಕಲ್ಲ, ಒಂಬತ್ತು ಏಕೆ ಎಂದು ಕೇಳುವವರಿದ್ದಾರೆ. ಬಿದ್ದ 24 ದೊಡ್ಡ ಮೊತ್ತದ ಮೇಲಿನದು, ಎದ್ದ 20 ಕುಗ್ಗಿಹೋದ ಮೊತ್ತದ ಮೇಲಿನದು. ನೂರು ರೂಪಾಯಿ 76 ಆದ ಮೇಲೆ ಅದಕ್ಕೆ ಅದರದೇ ಶೇಕಡಾ 20 ಸೇರಿಸಿದರೆ 91 ರೂಪಾಯಿ ಚಿಲ್ಲರೆಯಾಗುತ್ತದೆ, ನೂರರ ಹತ್ತಿರಕ್ಕೂ ಹೋಗುವುದಿಲ್ಲ. ಶೇಕಡಾವಾರು ಹೆಚ್ಚಳದ ಯಾವ ಸುದ್ದಿ ಓದಿದರೂ ‘ಯಾವುದರ ಮೇಲೆ?’ ಎಂದು ಒಮ್ಮೆ ಕೇಳಿಕೊಳ್ಳಿ. ಉತ್ತರ ವರದಿಯಲ್ಲೇ ಇಲ್ಲದಿದ್ದರೆ ಸಂಪಾದಕರಿಗೆ ಬರೆದು ಕೇಳಿ. 2021ರ ಆ ಮೂರು ತಿಂಗಳಿಗೆ ಸರಿಯಾದ ಪದ ‘ಜಿಗಿತ’ವಲ್ಲ, ‘ಚೇತರಿಕೆ’. ಅದೂ ಪೂರ್ತಿಯಾಗದ ಚೇತರಿಕೆ.