ಬಣ್ಣ ಅರೆಯುವ ಶಿಷ್ಯ

1970ರ ನವೆಂಬರ್ 30ರಂದು ಕೇರಳದ ಗುರುವಾಯೂರು ದೇವಸ್ಥಾನಕ್ಕೆ ಬೆಂಕಿ ಬಿತ್ತು. ಗರ್ಭಗುಡಿಯ ಹೊರಗೋಡೆಯ ಮೇಲಿದ್ದ ಹಳೆಯ ಚಿತ್ರಗಳು ಹಾಳಾದವು. ಅವನ್ನು ಮತ್ತೆ ಬರೆಸಬೇಕೆಂದಾಗ ಹಳೆಯ ಪದ್ಧತಿ ಬಲ್ಲವರು ಬೆರಳೆಣಿಕೆಯಷ್ಟೇ ಉಳಿದಿದ್ದರು. ಮಮ್ಮಿಯೂರು ಕೃಷ್ಣನ್‌ಕುಟ್ಟಿ ನಾಯರ್ ಅವರಂಥ ಹಿರಿಯ ಕಲಾವಿದರು ಆ ಕೆಲಸಕ್ಕೆ ಇಳಿದರು. ವಿದ್ಯೆ ಅವರೊಂದಿಗೇ ಮುಗಿಯಬಾರದೆಂದು 1989ರಲ್ಲಿ ಗುರುವಾಯೂರು ದೇವಸ್ವಂ ಭಿತ್ತಿಚಿತ್ರ ಕಲಿಸಲೆಂದೇ ಒಂದು ಶಾಲೆ ತೆರೆಯಿತು. ಅಲ್ಲಿನ ಕಲಿಕೆ ಐದು ವರ್ಷದ್ದು.

ಈ ಪದ್ಧತಿಯಲ್ಲಿ ಬಣ್ಣ ಅಂಗಡಿಯಿಂದ ಬರುವುದಿಲ್ಲ. ಕಲ್ಲು, ಎಲೆ, ಮರದ ಹಾಲು, ದೀಪದ ಮಸಿ ಇವುಗಳಿಂದ ಬರುತ್ತದೆ. ಬಿಳಿಗೆ ಸುಣ್ಣದ ಗೋಡೆಯೇ ಇದೆ. ಚಿತ್ರದಲ್ಲಿ ಬಿಳಿ ಬೇಕಾದಲ್ಲಿ ಬಣ್ಣ ಹಚ್ಚದೆ ಬಿಟ್ಟರಾಯಿತು. ಹೀಗಾಗಿ ಚಿತ್ರಶಾಲೆಗೆ ಕಾಲಿಟ್ಟ ಶಿಷ್ಯನ ಪಾಲಿಗೆ ಬರುವುದು ಅರೆಯುವ ಕಲ್ಲು. ಇದು ಗುರು ತನಗೆ ಬೇಡವಾದ ಕೆಲಸವನ್ನು ಹುಡುಗನ ಮೇಲೆ ಹೊರಿಸುವ ಉಪಾಯದಂತೆ ಕಾಣಬಹುದು. ಒಂದಿಷ್ಟು ಹಾಗೂ ಇದ್ದೀತು! ಆದರೆ ಯಾವ ಬಣ್ಣ ಹೇಗೆ ನಡೆದುಕೊಳ್ಳುತ್ತದೆ ಎಂಬುದು ಕೈಗೆ ತಿಳಿಯುವುದು ಆ ಕಲ್ಲಿನ ಮೇಲೆಯೇ.

ಮೊದಲ ಪಾಠ ಕಾವಿಯದು. ಕೆಂಪಿಗೂ ಹಳದಿಗೂ ಮೂಲ ಮುರಕಲ್ಲು. ಕಲ್ಲಿನ ರಾಶಿಯಲ್ಲಿ ಬಣ್ಣ ಗಾಢವಾಗಿ, ಒಂದೇ ಸಮನಾಗಿರುವ ತುಂಡುಗಳನ್ನು ಆರಿಸಬೇಕು. ಅವನ್ನು ಕುಟ್ಟಿ ಪುಡಿ ಮಾಡಿ, ಅಗಲಬಾಯಿಯ ಪಾತ್ರೆಯಲ್ಲಿ ನೀರು ಹಾಕಿ ಕಲಕಬೇಕು. ಮರಳು, ಹರಳು ಭಾರವಾದ್ದರಿಂದ ಬೇಗ ತಳಕ್ಕೆ ಇಳಿಯುತ್ತವೆ. ಬಣ್ಣದ ನುಣುಪು ಕಣ ನೀರಿನಲ್ಲೇ ತೇಲುತ್ತಿರುತ್ತದೆ. ಆ ಕೆಂಪು ನೀರನ್ನು ತಳ ಕದಡದಂತೆ ಇನ್ನೊಂದು ಪಾತ್ರೆಗೆ ಬಗ್ಗಿಸಿಕೊಳ್ಳಬೇಕು. ಅಲ್ಲಿಯೂ ಸ್ವಲ್ಪ ಹೊತ್ತು ಬಿಟ್ಟು ಮತ್ತೊಂದಕ್ಕೆ ಬಗ್ಗಿಸಬೇಕು. ಹೀಗೆ ಮೂರು ನಾಲ್ಕು ಪಾತ್ರೆ ದಾಟಿದ ಮೇಲೆ ಉಳಿದ ನೀರನ್ನು ಅಲುಗಿಸದೆ ಇಟ್ಟರೆ ತಳದಲ್ಲಿ ಕೆನೆಯಂಥ ಗಸಿ ಕೂರುತ್ತದೆ. ಮೇಲಿನ ತಿಳಿನೀರು ಚೆಲ್ಲಿ ಒಣಗಿಸಿದರೆ ಕೈಗೆ ಸಿಗುವುದು ಬಣ್ಣ.

ಅವಸರದ ಶಿಷ್ಯ ಎಡವುವುದು ಬಗ್ಗಿಸುವಾಗ. ಕೊನೆಯ ಹನಿಯನ್ನೂ ಬಿಡಬಾರದೆಂಬ ಆಸೆಗೆ ಪಾತ್ರೆಯನ್ನು ತುಸು ಹೆಚ್ಚು ವಾಲಿಸುತ್ತಾನೆ, ಮರಳೂ ಜೊತೆಗೆ ಜಾರಿ ಬರುತ್ತದೆ. ಅದು ಬಯಲಾಗುವುದು ಅರೆಯಲು ಕೂತಾಗ. ಗುಂಡುಕಲ್ಲಿನ ಕೆಳಗೆ ಕರಕರ ಸದ್ದು ಬಂದರೆ ಮರಳಿದೆ ಎಂದೇ ಅರ್ಥ. ಎಷ್ಟು ಅರೆದರೂ ಆ ಹರಳು ಬಣ್ಣವಾಗುವುದಿಲ್ಲ. ಮತ್ತೆ ನೀರಿಗೆ ಹಾಕಿ ಮೊದಲಿನಿಂದ ತೊಳೆಯಬೇಕು. ಚೆನ್ನಾಗಿ ತೊಳೆದ ಕಾವಿ ನೀರಿನೊಂದಿಗೆ ಅರೆಯುತ್ತ ಹೋದಂತೆ ಸದ್ದು ಕಡಿಮೆಯಾಗುತ್ತದೆ, ಗುಂಡುಕಲ್ಲು ಜಾರತೊಡಗುತ್ತದೆ. ಎರಡು ಬೆರಳ ನಡುವೆ ತಿಕ್ಕಿದಾಗ ಒಂದು ಕಣವೂ ತಾಗದಿದ್ದರೆ ಆಗಿದೆ ಎಂದು ಲೆಕ್ಕ.

ಹಳದಿ ಕಾವಿಯನ್ನು ಒಣಗಿಸುವುದು ಬಿಸಿಲಲ್ಲಿ, ಒಲೆಯ ಮೇಲಲ್ಲ. ಕೆಂಪು ಹಳದಿ ಎರಡರಲ್ಲೂ ಇರುವುದು ಕಬ್ಬಿಣದ ಅಂಶವೇ. ಹಳದಿಯಲ್ಲಿ ಅದು ನೀರಿನಂಶವನ್ನು ಹಿಡಿದುಕೊಂಡಿರುತ್ತದೆ. ಜೋರಾಗಿ ಕಾಯಿಸಿದರೆ ಆ ನೀರು ಹೊರಟುಹೋಗಿ ಹಳದಿ ಕೆಂಪಾಗುತ್ತದೆ. ಹೀಗೆ ಕೆಂಪಾದದ್ದನ್ನು ಮರಳಿ ಹಳದಿ ಮಾಡಲು ಚಿತ್ರಶಾಲೆಯಲ್ಲಿ ಯಾವ ದಾರಿಯೂ ಇಲ್ಲ.

ಈ ಕೆಂಪು ನಮ್ಮ ಕರಾವಳಿಗೂ ಹೊಸದಲ್ಲ. ಉತ್ತರ ಕನ್ನಡದ ಹಳೆಯ ಗುಡಿಗಳ ಕಾವಿ ಕಲೆಯಲ್ಲಿ ಇದೇ ಮಣ್ಣುಗೆಂಪು ಇದೆ. ಆದರೆ ಅಲ್ಲಿ ಕೆಂಪು ಗಾರೆಯ ಪದರವನ್ನು ಕೆರೆದು, ಅಡಿಯ ಬಿಳಿಯನ್ನು ಹೊರತೆಗೆದು ಚಿತ್ರ ಮೂಡಿಸುತ್ತಾರೆ. ಗುರುವಾಯೂರಿನ ಶಿಷ್ಯನ ಕೆಲಸ ಒಣಗಿದ ಗೋಡೆಯ ಮೇಲೆ ಕುಂಚದಿಂದ ಹಚ್ಚುವ ಬಣ್ಣದ್ದು.

ಕಪ್ಪಿನ ಪಾಠವೇ ಬೇರೆ. ಎಳ್ಳೆಣ್ಣೆಯ ದೀಪದ ಮೇಲೆ ಮಣ್ಣಿನ ಮಡಕೆಯನ್ನು ಬೋರಲಾಗಿ ಇಟ್ಟು, ಗಾಳಿ ಅಷ್ಟಿಷ್ಟು ಆಡುವಂತೆ ಸಂದು ಬಿಡುತ್ತಾರೆ. ಮಡಕೆಯ ಒಳಮೈಗೆ ಕೂತ ಮಸಿಯನ್ನು ಮೆಲ್ಲಗೆ ಉದುರಿಸಿಕೊಳ್ಳುತ್ತಾರೆ. ಇದನ್ನು ಅರೆದು ನುಣುಪು ಮಾಡಬೇಕಾದ್ದಿಲ್ಲ, ಹುಟ್ಟುವಾಗಲೇ ಅದು ನುಣುಪು. ಕಷ್ಟವೆಲ್ಲ ಅದನ್ನು ತೋಯಿಸುವುದರಲ್ಲಿ. ಎಣ್ಣೆಯ ಮಸಿಯಾದ್ದರಿಂದ ಬರೀ ನೀರಿಗೆ ಹಾಕಿದರೆ ಮೇಲೆಯೇ ತೇಲುತ್ತದೆ. ಹಾಗಾಗಿ ಕಲ್ಲಿನ ಮೇಲೆ ಮಸಿ ಹಾಕಿ, ಮೊದಲು ಗಟ್ಟಿ ಅಂಟಿನ ನೀರನ್ನು ಹನಿಹನಿಯಾಗಿ ಬಿಟ್ಟು ಒತ್ತಿ ಅರೆದು, ಉಂಡೆಯಾದ ಮೇಲೆ ನೀರು ಸೇರಿಸಬೇಕು.

ಹಸಿರಿಗೆ ನೀಲಿ ಗಿಡದ ಎಲೆಯಿಂದ ತೆಗೆದ ನೀಲಿಯೂ ಮಲೆಯಾಳಿಗಳು ಎರವಿಕ್ಕರ ಎನ್ನುವ ಹಳದಿ ಅಂಟೂ ಬೇಕು. ಎರವಿಕ್ಕರ ಪಶ್ಚಿಮ ಘಟ್ಟದ ಮರವೊಂದರ ಹಾಲು. ನಮ್ಮಲ್ಲಿ ಆ ಮರಕ್ಕೆ ಅರಿಶಿನ ಗುರಗಿ ಎಂದು ಹೆಸರು. ಒಣಗಿದ ಗಟ್ಟಿ ಮಂಕು ಕಂದಾಗಿರುತ್ತದೆ; ಒಂದು ಹನಿ ನೀರು ಹಾಕಿ ತೇದರೆ ಕಣ್ಣು ಕುಕ್ಕುವ ಹಳದಿ ಬಿಡುತ್ತದೆ. ಅದರಲ್ಲೇ ಅಂಟಿನ ಅಂಶ ಇರುವುದರಿಂದ ಬೇರೆ ಅಂಟೂ ಅಷ್ಟಾಗಿ ಬೇಡ. ಎರಡು ಎಚ್ಚರಿಕೆಗಳು ಮಾತ್ರ ಉಂಟು. ಇದು ಉಗ್ರ ಭೇದಿ ಔಷಧ, ಆದ್ದರಿಂದ ಕುಂಚದ ತುದಿಯನ್ನು ಬಾಯಲ್ಲಿ ಚೂಪು ಮಾಡುವ ಚಟ ಇರುವವರು ಆ ಚಟ ಬಿಡಬೇಕು. ಇನ್ನೊಂದು, ಹಸಿ ಸುಣ್ಣದ ಖಾರಕ್ಕೆ ಈ ಹಳದಿ ಕೆಂಪಿಗೆ ತಿರುಗುತ್ತದೆ. ಗಾರೆ ಪೂರ್ತಿ ಒಣಗಿದ ಮೇಲೆಯೇ ಬಣ್ಣ ಹಚ್ಚುವ ಪದ್ಧತಿಗೆ ಇದು ಹೊಂದುತ್ತದೆ.

ಗೋಡೆಯ ಸಿದ್ಧತೆಯೂ ಅಷ್ಟೇ ನಿಧಾನದ್ದು. ಸುಣ್ಣ ಮರಳಿನ ಗಾರೆ, ಅದರ ಮೇಲೆ ಹತ್ತಿ ಸೇರಿಸಿದ ಗಾರೆ, ಕೊನೆಗೆ ಎಳನೀರು ಬೆರೆಸಿದ ಸುಣ್ಣವನ್ನು 25-30 ಸಲ ಬಳಿಯುತ್ತಾರೆ.

ಇನ್ನು ಬಣ್ಣವನ್ನು ಗೋಡೆಗೆ ಹಿಡಿದಿಡುವುದು ಬೇವಿನ ಮರದ ಅಂಟು. ಅದನ್ನು ನೀರಲ್ಲಿ ನೆನೆಸಿ ತೆಳು ಬಟ್ಟೆಯಲ್ಲಿ ಸೋಸಿ, ಅರೆದ ಬಣ್ಣಕ್ಕೆ ಸೇರಿಸುತ್ತಾರೆ. ಹನ್ನೆರಡನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಬರೆದ ‘ಮಾನಸೋಲ್ಲಾಸ’ದಲ್ಲಿ ಎಮ್ಮೆಯ ಚರ್ಮ ಬೇಯಿಸಿ ತೆಗೆಯುವ ವಜ್ರಲೇಪ ಎಂಬ ಅಂಟಿನ ವಿವರ ಇದೆ. ಗುರುವಾಯೂರಿನ ಶಿಷ್ಯನಿಗೆ ಬೇವಿನ ಅಂಟೇ ಸಾಕು, ಆದರೆ ಅದರ ಪ್ರಮಾಣ ಕೈಯಳತೆಗೆ ಬರಲು ಕಾಲ ಹಿಡಿಯುತ್ತದೆ. ಗಾರೆಯ ಒಂದು ತುಂಡಿಗೆ ಹಚ್ಚಿ, ಒಣಗಿದ ಮೇಲೆ ಬೆರಳಿನಿಂದ ಉಜ್ಜಿ ನೋಡಬೇಕು. ಬೆರಳಿಗೆ ಬಣ್ಣ ಹತ್ತಿದರೆ ಅಂಟು ಸಾಲದು. ಮೈ ಮಿರಿಮಿರಿ ಹೊಳೆದು ಬಣ್ಣ ಕಪ್ಪಿಟ್ಟರೆ ಅಂಟು ಹೆಚ್ಚಾಗಿದೆ. ಮುಂದೆ ಅದು ಬಿರಿದು ಸಿಪ್ಪೆಯೇಳುತ್ತದೆ. ಕೆಂಪಿಗೆ ಸರಿಹೋದ ಪ್ರಮಾಣ ಮಸಿಗೆ ಸಾಲದು, ಏಕೆಂದರೆ ಕಣ ಸಣ್ಣದಾದಷ್ಟೂ ಅದನ್ನು ಸುತ್ತಿ ಹಿಡಿಯಲು ಹೆಚ್ಚು ಅಂಟು ಬೇಕು. ಅಂಟು ಬೆರೆಸಿದ ಬಣ್ಣ ಹೆಚ್ಚು ದಿನ ಕೆಡದೆ ಇರದು, ಅದಕ್ಕೇ ಬೇಕಾದಷ್ಟನ್ನೇ ಕಲಸಿಕೊಳ್ಳುತ್ತಾರೆ.

ಈಗ ಅನೇಕರು ಸಿದ್ಧ ಅಕ್ರಿಲಿಕ್ ಬಣ್ಣದಲ್ಲಿ ಇದೇ ಶೈಲಿಯ ಚಿತ್ರ ಬರೆಯುತ್ತಾರೆ. ಬಟ್ಟೆಯ ಮೇಲೆ, ಮನೆಯ ಒಣ ಗೋಡೆಯ ಮೇಲೆ ಅದಕ್ಕೆ ತಕರಾರಿಲ್ಲ. ತೇವ ಹೀರುವ ಹಳೆಯ ಸುಣ್ಣದ ಗೋಡೆಗೆ ಮಾತ್ರ ಅದು ಸಲ್ಲದು. ಪ್ಲಾಸ್ಟಿಕ್ಕಿನಂಥ ಪದರದ ಹಿಂದೆ ತೇವ ಸಿಕ್ಕಿಕೊಂಡು, ಬಣ್ಣ ಗುಳ್ಳೆಯೆದ್ದು ಹೋಗುತ್ತದೆ.

ಹಳೆಯ ಬಣ್ಣಕ್ಕಿರುವ ದೊಡ್ಡ ಶತ್ರು ನೀರು. ಬೇವಿನ ಅಂಟು ಎಷ್ಟು ಒಣಗಿದರೂ ನೀರು ತಾಗಿದರೆ ಮತ್ತೆ ಮೆತ್ತಗಾಗುತ್ತದೆ. ಗುಡಿಯ ಜೀರ್ಣೋದ್ಧಾರಕ್ಕೆ ಕೈ ಹಾಕುವ ಸಮಿತಿಯವರು ಮಸಿ ಹಿಡಿದ ಗೋಡೆಯಲ್ಲಿ ಬಣ್ಣದ ಸುಳಿವು ಕಂಡರೆ ಒದ್ದೆ ಬಟ್ಟೆಯಿಂದ ಒರೆಸಬೇಡಿ, ಪೈಪು ಹಿಡಿಯಬೇಡಿ. ಪುರಾತತ್ವ ಇಲಾಖೆಗೆ ತಿಳಿಸಿ, ಬಲ್ಲವರು ಬಂದು ನೋಡುವವರೆಗೆ ಅದನ್ನು ಇದ್ದ ಹಾಗೆಯೇ ಬಿಡಿ.