ಹೊತ್ತು ಮುಳುಗಿದ ಮೇಲಿನ ಅನ್ನ

ಮೂಡುಬಿದಿರೆಯ ಶ್ರಾವಕ ಮನೆತನದ ಶ್ರೇಯಾಂಸ ಜರ್ಮನಿಯ ಮ್ಯೂನಿಕ್‌ನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಊರಿನಲ್ಲಿ ಹೊತ್ತು ಮುಳುಗುವ ಮುನ್ನವೇ ಊಟ ಮಾಡಿ ಬೆಳೆದವನಿಗೆ ಅಲ್ಲಿ ರಾತ್ರಿ ಹತ್ತಕ್ಕೆ ಅನ್ನ, ಹೆಸರುಬೇಳೆ ಸಾರು, ಹನ್ನೊಂದಕ್ಕೆ ನಿದ್ರೆ ಎಂಬುದು ರೂಢಿಯಾಗಿತ್ತು. ತಂದೆಗೆ ಮಧುಮೇಹವಿದ್ದುದರಿಂದ ಒಂದು ನವೆಂಬರಿನಲ್ಲಿ ಅವನು ತೋಳಿಗೆ ಗ್ಲೂಕೋಸ್ ಮಾನಿಟರ್ ಅಂಟಿಸಿಕೊಂಡ. ನಾಣ್ಯದಷ್ಟು ಅಗಲದ ಆ ಬಿಲ್ಲೆ ಚರ್ಮದಡಿಯ ದ್ರವದಲ್ಲಿರುವ ಸಕ್ಕರೆಯನ್ನು ಐದು ನಿಮಿಷಕ್ಕೊಮ್ಮೆ ಅಳೆದು ಫೋನಿನಲ್ಲಿ ಗೆರೆಯಾಗಿ ತೋರಿಸುತ್ತದೆ.

ಮೊದಲ ಬೆಳಗಿನ ಗೆರೆ ಅವನನ್ನು ಬೆಚ್ಚಿಬೀಳಿಸಿತು. ಊಟಕ್ಕೆ ಮುನ್ನ 90 ಇದ್ದದ್ದು ಹನ್ನೊಂದೂವರೆಗೆ 178ಕ್ಕೇರಿ, ಎರಡು ಗಂಟೆಯವರೆಗೂ 140ರ ಮೇಲೆಯೇ ನಿಂತಿತ್ತು. ಮೂರರ ಹೊತ್ತಿಗೆ ಒಮ್ಮೆಲೇ 55ಕ್ಕೆ ಕುಸಿದಿತ್ತು. ವೈದ್ಯೆ ಆ ಕುಸಿತವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ತೋಳಿನ ಮೇಲೆ ಒರಗಿ ಮಲಗಿದರೆ ಬಿಲ್ಲೆ ಒತ್ತಿಕೊಂಡು ಹೀಗೆ ಸುಳ್ಳು ಇಳಿತ ತೋರಿಸುವುದುಂಟು. ಏರಿಕೆ ಮಾತ್ರ ನಿಜವೆಂದರು. ಕತ್ತಲಾದಂತೆ ದೇಹದಲ್ಲಿ ನಿದ್ರೆಯ ಹಾರ್ಮೋನಾದ ಮೆಲಟೋನಿನ್ ಹೆಚ್ಚುತ್ತದೆ. ಆಗ ಮೇದೋಜ್ಜೀರಕವು ಇನ್ಸುಲಿನ್ ಬಿಡುವುದು ಕಡಿಮೆ. ಹಗಲಿನಲ್ಲಿ ಸುಲಭವಾಗಿ ಕರಗುವ ಅನ್ನದ ಸಕ್ಕರೆ ರಾತ್ರಿ ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುವುದು ಇದರಿಂದ.

ಶ್ರೇಯಾಂಸ ಪರೀಕ್ಷಿಸಿ ನೋಡಿದ. ಅದೇ ಅಕ್ಕಿ, ಅದೇ ಅಳತೆ, ಅದೇ ಸಾರು: ಮೂರು ದಿನ ರಾತ್ರಿ ಹತ್ತಕ್ಕೆ, ಮೂರು ದಿನ ಮಧ್ಯಾಹ್ನ ಮೂರೂವರೆಗೆ. ಹಗಲಿನ ಗೆರೆ 135 ದಾಟಲಿಲ್ಲ. ಎರಡು ಗಂಟೆಯೊಳಗೆ ಮೊದಲಿನ ಮಟ್ಟಕ್ಕೆ ಬಂತು. ಮೂರೂವರೆ ಎಂಬುದಕ್ಕೂ ಕಾರಣವಿತ್ತು. ನವೆಂಬರ್ ಮಧ್ಯದಲ್ಲಿ ಮ್ಯೂನಿಕ್‌ನ ಸೂರ್ಯ ನಾಲ್ಕೂವರೆಯ ಸುಮಾರಿಗೇ ಮುಳುಗುತ್ತಾನೆ. ಅದಕ್ಕೆ ಎರಡು ಗಳಿಗೆ, ಎಂದರೆ 48 ನಿಮಿಷ ಮೊದಲೇ ಊಟ ಮುಗಿಯಬೇಕೆಂಬುದು ಮನೆಯಲ್ಲಿ ಕಲಿತ ಕ್ರಮ.

ಆ ರವಿವಾರ ಅವನು ಉತ್ಸಾಹದಿಂದ ತಾಯಿಗೆ ಫೋನು ಮಾಡಿದ. "ಅಮ್ಮಾ, ನೀನು ಹೇಳುತ್ತಿದ್ದದ್ದು ಸರಿ. ಯಂತ್ರವೇ ತೋರಿಸಿದೆ."

"ಸಕ್ಕರೆಗಾಗಿ ನಾನು ರಾತ್ರಿಯೂಟ ಬಿಟ್ಟದ್ದಲ್ಲ ಮಗಾ," ಎಂದರು ತಾಯಿ. "ದೀಪಕ್ಕೆ ಬಂದು ಅನ್ನಕ್ಕೆ ಬೀಳುವ ಹುಳಗಳಿಗಾಗಿ ಬಿಟ್ಟದ್ದು."

"ಇಲ್ಲಿ ಚಳಿಗೆ ಹುಳವೇ ಇಲ್ಲವಲ್ಲ?"

"ಕಣ್ಣಿಗೆ ಕಾಣದ ಜೀವ ಇಲ್ಲವೇ? ಮತ್ತೆ, ಹಗಲಿಡೀ ಉಂಡರೂ ರಾತ್ರಿ ಬೇಕೆನಿಸುವುದು ಹಸಿವೋ ಆಸೆಯೋ?"

ಆಚಾರ್ಯ ಅಮೃತಚಂದ್ರರು 'ಪುರುಷಾರ್ಥಸಿದ್ಧ್ಯುಪಾಯ'ದಲ್ಲಿ ರಾತ್ರಿಭೋಜನವನ್ನು ಹಿಂಸೆಯೆಂದು ವಿವರಿಸುವಾಗ ಈ ರಾಗವನ್ನೇ ಮುಂದಿಡುತ್ತಾರೆ. ದೇಹದ ಲಾಭ ಅಲ್ಲಿ ವ್ರತದ ಆಧಾರವಲ್ಲ. ಗೆರೆಗಾಗಿ ಬಿಟ್ಟ ಊಟ, ಗೆರೆ ಚೆನ್ನಾಗಿದ್ದ ದಿನ ಮರಳಿ ಬರಬಹುದಲ್ಲವೇ? ಶ್ರೇಯಾಂಸನಿಗೆ ಉತ್ತರ ಹೊಳೆಯಲಿಲ್ಲ.

ಹದಿನಾಲ್ಕನೆಯ ದಿನ ಬಿಲ್ಲೆಯ ಅವಧಿ ಮುಗಿಯಿತು. ಅವನು ಅದನ್ನು ಕಿತ್ತುಹಾಕಿದ, ಹೊಸದನ್ನು ತರಿಸಲಿಲ್ಲ. ಮರುದಿನ ಮೂರೂವರೆಗೆ, ಸಹೋದ್ಯೋಗಿಗಳು ಕಾಫಿಗೆ ಎದ್ದಾಗ, ಕಿಟಕಿಯ ಬಳಿ ಕುಳಿತು ಬುತ್ತಿ ಬಿಚ್ಚಿದ.